ಮೂಕಿ ಸಿನಿಮಾ ಶುರು ಮಾಡೋಕೆ ಮೂರು ಗಂಟೆ ಚಿತ್ರ ಯಾಕ್ರೀ?

ಇವತ್ತು ಮತ್ತೊಂದು ಪಟ್ಟಿ ಕಣ್ಣಿಗೆ ಬಿತ್ತು. ಸಾಯುವುದರೊಳಗೆ ನೋಡಲೇಬೇಕಾದ ಮೂಕಿ ಚಿತ್ರಗಳಂತೆ. ಮೊದಲ ಹೆಸರೇ 1916ರ ‘ಇಂಟಾಲರೆನ್ಸ್’. ಹೆಚ್ಚುಕಡಿಮೆ ಮೂರು ಗಂಟೆ, ನಾಲ್ಕು ಬೇರೆ ಬೇರೆ ಕಾಲದ ಕಥೆಗಳು ಒಂದರೊಳಗೊಂದು ನುಗ್ಗಿ ಓಡುತ್ತವೆ. ಎರಡನೆಯದು ‘ಮೆಟ್ರೊಪೊಲಿಸ್’, ಎರಡೂವರೆ ಗಂಟೆ. ನಮ್ಮ ತಂಗಿ ಮಗ ಇಂಥದ್ದೇ ಪಟ್ಟಿ ನಂಬಿ ಕೂತು, ಸ್ವಲ್ಪ ಹೊತ್ತಿಗೇ "ಮಾಮ, ಇದನ್ನ ಡಬಲ್ ಸ್ಪೀಡಲ್ಲಿ ನೋಡಬಹುದಾ?" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಪಟ್ಟಿ ಮಾಡಿದವರ ಮೇಲಿದೆ.

ದೊಡ್ಡ ಚಿತ್ರದಿಂದಲೇ ಶುರು ಮಾಡಬೇಕು, ಆಗಲೇ ಆ ಕಾಲದ ಎತ್ತರ ತಿಳಿಯೋದು ಅಂತ ವಾದಿಸುವವರಿದ್ದಾರೆ. ಇರಲಿ ಬಿಡಿ. ಅವರಲ್ಲಿ ಎಷ್ಟು ಜನ ‘ಇಂಟಾಲರೆನ್ಸ್’ ಎದ್ದು ಹೋಗದೆ ನೋಡಿದ್ದಾರೆ ಅಂತ ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತೆ.

ನನ್ನ ಕೇಳಿದರೆ ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್‌ನ ‘ಒನ್ ವೀಕ್’ ಹಾಕಿ. 1920ರದ್ದು, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಅಷ್ಟೇ. ಹೊಸದಾಗಿ ಮದುವೆಯಾದ ಜೋಡಿಗೆ ಉಡುಗೊರೆಯಾಗಿ ಒಂದು ಮನೆ ಬರುತ್ತೆ, ಅದೂ ಬಿಡಿ ಬಿಡಿಯಾಗಿ, ನಂಬರ್ ಹಾಕಿದ ಪೆಟ್ಟಿಗೆಗಳಲ್ಲಿ. ಹುಡುಗಿ ಬೇಡ ಅಂದಿದ್ದ ಇನ್ನೊಬ್ಬ ಹೊಟ್ಟೆಕಿಚ್ಚಿಗೆ ಪೆಟ್ಟಿಗೆಗಳ ನಂಬರ್ ಬದಲಾಯಿಸಿಬಿಡುತ್ತಾನೆ. ಪಾಪ ಗಂಡ ನಂಬರ್ ಪ್ರಕಾರ ಚಾಚೂ ತಪ್ಪದೆ ಕಟ್ಟುತ್ತಾನೆ. ಎದ್ದು ನಿಂತ ಮನೆ ಸೊಟ್ಟ. ಆಮೇಲೆ ಗೃಹಪ್ರವೇಶದ ಪಾರ್ಟಿ ಹೊತ್ತಿಗೆ ಬಿರುಗಾಳಿ ಬಂದು ಇಡೀ ಮನೆ ಗಿರಗಿರ ತಿರುಗುತ್ತೆ, ನೆಂಟರು ಬಾಗಿಲಿಂದ ಹೊರಗೆ ಹಾರಿ ಬೀಳುತ್ತಾರೆ. ಅದು ಟ್ರಿಕ್ ಅಲ್ಲ. ಮನೆಯನ್ನು ತಿರುಗುವ ಕಟ್ಟೆಯ ಮೇಲೆ ಕಟ್ಟಿ ನಿಜವಾಗಿಯೇ ತಿರುಗಿಸಿದ್ದರು.

ಇನ್ನೊಂದು ಕಡೆ ನಾಯಕಿ ಸ್ನಾನದ ತೊಟ್ಟಿಯಲ್ಲಿ ಕೂತಿದ್ದಾಳೆ, ಸೋಪು ಕೈಜಾರಿ ಆಚೆ ಬೀಳುತ್ತೆ. ಎತ್ತಿಕೊಳ್ಳಬೇಕಂದ್ರೆ ತೊಟ್ಟಿಯಿಂದ ಮೇಲೇಳಬೇಕು. ನಮ್ಮ ಕಡೆ ನೋಡುತ್ತಾಳೆ. ತಕ್ಷಣ ಯಾರದೋ ಕೈ ಬಂದು ಕ್ಯಾಮೆರಾ ಮುಚ್ಚುತ್ತೆ! ನೂರು ವರ್ಷ ಹಳೇ ಚಿತ್ರ ಸ್ವಾಮಿ. ಕೊನೆಯಲ್ಲಿ ರೈಲು ಬರುತ್ತೆ. ಅದನ್ನು ಹೇಳಲ್ಲ, ನೋಡಿ.

ಆದರೆ ಒಂದು ಮಾತು. ಸಿಕ್ಕಿದ ವಿಡಿಯೋ ಹಾಕಬೇಡಿ. ಕೀಟನ್‌ನ ಆ ಕಾಲದ ಚಿತ್ರಗಳಿಗೆ ಅಮೆರಿಕದಲ್ಲಿ ಈಗ ಹಕ್ಕಿನ ಕಾಟ ಇಲ್ಲ, ಹಾಗಾಗಿ ಯಾರು ಬೇಕಾದರೂ ಎಂಥ ಕೊಳಕು ಪ್ರತಿಯನ್ನಾದರೂ ಏರಿಸುತ್ತಾರೆ. ಮುಖಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ ಕಂಡು ಕಣ್ಣು ಮೂಗು ಗೊತ್ತಾಗದಿದ್ದರೆ, ಪಾತ್ರಗಳ ತಲೆ ಮೇಲಿಂದ ಕತ್ತರಿಸಿ ಹೋಗಿದ್ದರೆ, ನಡುವೆ ಬರುವ ಬರಹ ಓದುವಷ್ಟರಲ್ಲಿ ಮಾಯವಾದರೆ ಅಲ್ಲಿಗೇ ನಿಲ್ಲಿಸಿ. ಇಟಲಿಯ ಬೊಲೋನ್ಯಾದ ಚಿತ್ರಭಂಡಾರ ಕೀಟನ್ ಚಿತ್ರಗಳನ್ನು ಸರಿಪಡಿಸುವ ಕೆಲಸ ಮಾಡಿದೆ. ಅಂಥ ಪ್ರತಿ ಹುಡುಕಿ.

ವೇಗದ ಗೋಳೂ ಇದೆ. ಮಾತು ಬಂದ ಮೇಲೆ ಸೆಕೆಂಡಿಗೆ 24 ಸ್ಥಿರಚಿತ್ರ ಅಂತ ನಿಗದಿಯಾಯಿತು. ಅದಕ್ಕೆ ಮುಂಚೆ ಕ್ಯಾಮೆರಾದವನು ಕೈಯಲ್ಲೇ ಹಿಡಿ ತಿರುಗಿಸುತ್ತಿದ್ದ, ಹಾಗಾಗಿ ಒಂದೇ ಲೆಕ್ಕ ಇರಲಿಲ್ಲ. ಸೆಕೆಂಡಿಗೆ 18ರಂತೆ ತೆಗೆದ ಒಂದು ನಿಮಿಷದ ದೃಶ್ಯವನ್ನು 24ರಲ್ಲಿ ಓಡಿಸಿದರೆ 45 ಸೆಕೆಂಡಿಗೆ ಮುಗಿದುಹೋಗುತ್ತೆ. ಹಳೇ ಚಿತ್ರದಲ್ಲಿ ಎಲ್ಲರೂ ಪಟಪಟ ಓಡಾಡ್ತಾರೆ ಅಂತ ನಗುತ್ತೇವಲ್ಲ, ಎಷ್ಟೋ ಸಲ ಅದು ಇದೇ ಕಾರಣಕ್ಕೆ. ಹಾಸ್ಯದವರು ಬೇಕೆಂದೇ ಸ್ವಲ್ಪ ಚುರುಕು ಮಾಡುತ್ತಿದ್ದರು, ಅದು ಬೇರೆ. ಅಳುವ ದೃಶ್ಯದಲ್ಲೂ ಜನ ಕುಣಿದಂತೆ ಕಂಡರೆ ಪ್ರತಿ ಕೆಟ್ಟದ್ದು.

ಇನ್ನು ಮೊಬೈಲು. ನಾವು ಈಗ ಸಿನಿಮಾ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ, ಅಲ್ವಾ? ಕಿವಿ ಟೀವಿ ಕಡೆ, ಕಣ್ಣು ಫೋನಲ್ಲಿ. ಮೂಕಿಯಲ್ಲಿ ಅದು ನಡೆಯಲ್ಲ, ನಾಲ್ಕು ಸೆಕೆಂಡ್ ತಲೆ ತಗ್ಗಿಸಿದರೆ ಪೆಟ್ಟಿಗೆ ನಂಬರ್ ಬದಲಾದದ್ದೇ ಗೊತ್ತಾಗಲ್ಲ, ಆಮೇಲೆ ಬೋರು ಅಂತೀರಿ. ಮಾತಿಲ್ಲದ ಚಿತ್ರ ನಮಗೆ ಆಗಲ್ಲ ಅನ್ನಬೇಡಿ. ‘ಪುಷ್ಪಕ ವಿಮಾನ’ವನ್ನು ಟೀವಿಯಲ್ಲಿ ಬಂದಾಗಲೆಲ್ಲ ನೋಡಿದವರು ನಾವೇ.

‘ಒನ್ ವೀಕ್’ ಹಿಡಿಸಿದರೆ ಕೀಟನ್‌ನದೇ ‘ಶೆರ್ಲಾಕ್ ಜೂನಿಯರ್’, 1924, ಮುಕ್ಕಾಲು ಗಂಟೆ. ಅದರಲ್ಲಿ ನೀರಿನ ಟ್ಯಾಂಕಿನ ದೃಶ್ಯ ಮಾಡುವಾಗ ಅವನ ಕುತ್ತಿಗೆ ಮೂಳೆ ಮುರಿದಿತ್ತು, ಅವನಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಮೇಲೆ ಚಾಪ್ಲಿನ್‌ನ ‘ಸಿಟಿ ಲೈಟ್ಸ್’, 1931. ಆಗಲೇ ಮಾತು ಬಂದಿತ್ತು, ಈತ ಹಟ ಹಿಡಿದು ಮಾತಿಲ್ಲದೆ ಮಾಡಿದ. ಸಂಗೀತವೂ ಬಹುಪಾಲು ಅವನದೇ, ಚಿತ್ರದ ಜೊತೆಗೇ ಅಚ್ಚಾಗಿದೆ, ಹಾಗಾಗಿ ಯಾರೋ ತುರುಕಿದ ಪಿಯಾನೋ ಕೇಳುವ ಕರ್ಮ ಇಲ್ಲ. ಆ ಕೊನೆಯ ದೃಶ್ಯಕ್ಕೆ ನಾನು ಪ್ರತಿ ಸಲ ಅಳುತ್ತೇನೆ, ಮನೆಯವರಿಗೆಲ್ಲ ಗೊತ್ತು.

ನಗು ಸಾಕು ಅನ್ನಿಸಿದ ಮೇಲೆ ಮುರ್ನೌ ಮಾಡಿದ 1927ರ ‘ಸನ್‌ರೈಸ್’ ನೋಡಿ. ‘ಇಂಟಾಲರೆನ್ಸ್’ ಅದಾದ ಮೇಲೆ, ಯಾವುದಾದರೂ ರಜೆಯಲ್ಲಿ, ಮಧ್ಯೆ ಊಟಕ್ಕೆ ಎದ್ದರೂ ಪರವಾಗಿಲ್ಲ.