ಅಜ್ಜಿಯ ಸ್ವಇಚ್ಛೆಯ ಸಹಿ

ಅಮೆರಿಕದ ಗಡಿ ಅಧಿಕಾರಿಗಳಿಗೆ ನಮ್ಮ ಹಿರಿಯರ ಬಗ್ಗೆ ಇರುವ ಕಾಳಜಿಯನ್ನು ಮೊದಲು ಕೊಂಡಾಡಬೇಕು. ಊರಿನಲ್ಲಿ ಕೆಲವು ತಿಂಗಳು ಇದ್ದು ಹಿಂದಿರುಗುವ ವಯಸ್ಸಾದ ಭಾರತೀಯ ಗ್ರೀನ್ ಕಾರ್ಡುದಾರರ ಮುಂದೆ ವಿಮಾನ ನಿಲ್ದಾಣದಲ್ಲೇ ಐ-407 ಎಂಬ ನಮೂನೆಯನ್ನಿಟ್ಟು ಸಹಿಗೆ ಒತ್ತಾಯಿಸಲಾಗುತ್ತಿದೆ ಎಂದು ವಲಸೆ ವಕೀಲರು ಹೇಳಿದ್ದು 2025ರ ಮಾರ್ಚ್‌ನಲ್ಲೇ ಸುದ್ದಿಯಾಗಿತ್ತು. ಆ ನಮೂನೆಗೆ ಸಹಿ ಹಾಕಿದವರು ತಮ್ಮ ಕಾಯಂ ನಿವಾಸದ ಹಕ್ಕನ್ನು ಸ್ವಇಚ್ಛೆಯಿಂದ ತ್ಯಜಿಸಿದಂತೆ. ಶಾಲೆಗೆ ಮಗುವನ್ನು ಸೇರಿಸುವಾಗ ಕಟ್ಟಡ ನಿಧಿಗೆ ನಾವು ಕೊಡುವ ದೇಣಿಗೆ ಎಷ್ಟು ಸ್ವಇಚ್ಛೆಯದೋ, ಇದೂ ಅಷ್ಟೇ ಸ್ವಇಚ್ಛೆಯದು.

ಮೈಸೂರಿನ ಒಬ್ಬ ಅಜ್ಜಿ ಮಂಡಿ ಶಸ್ತ್ರಚಿಕಿತ್ಸೆಗೆಂದು ಊರಿಗೆ ಬಂದು ಏಳು ತಿಂಗಳು ಉಳಿದರು ಎಂದಿಟ್ಟುಕೊಳ್ಳೋಣ. ಕೌಂಟರಿನಲ್ಲಿ ಪ್ರಶ್ನೆಗಳು ಸರಳವಾಗಿಯೇ ಇರುತ್ತವೆ: ಎಷ್ಟು ದಿನ ಹೊರಗಿದ್ದಿರಿ, ಏಕೆ, ಇಲ್ಲಿ ಯಾರ ಮನೆಯಲ್ಲಿ ಇರುತ್ತೀರಿ, ಚೀಲದಲ್ಲಿ ತಿನ್ನುವ ಪದಾರ್ಥವೇನಾದರೂ ಇದೆಯೇ. ಕೊನೆಯ ಪ್ರಶ್ನೆಗೆ ಅಜ್ಜಿ ನಿಜ ಹೇಳುವುದು ಒಳ್ಳೆಯದು, ಏಕೆಂದರೆ ಹುಳಿಪುಡಿ ದಾಟಿದರೂ ಹಸಿ ಕರಿಬೇವು ದಾಟುವುದಿಲ್ಲ. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೇ ಸೇರಿದ ಗಿಡ. ಕಿತ್ತಳೆ ತೋಟಗಳನ್ನೇ ಹಾಳುಗೆಡಹುವ ರೋಗವನ್ನು ಹರಡುವ ಪುಟ್ಟ ಕೀಟ ಅದರ ಎಲೆಯ ಮೇಲೂ ಬದುಕುತ್ತದೆ. ಫ್ಲಾರಿಡಾದ ಬೆಳೆಗಾರರು ಆ ರೋಗದಿಂದ ಪಟ್ಟ ಪಾಡನ್ನು ನೆನೆದರೆ ಈ ನಿಷೇಧವನ್ನು ನಾನು ಗೇಲಿ ಮಾಡಲಾರೆ. ಇಡೀ ಕೌಂಟರಿನಲ್ಲಿ ಕಾರಣ ಸಮೇತ ಅರ್ಥವಾಗುವ ನಿಯಮ ಇದೊಂದೇ ಇರಬೇಕು.

ಏಳು ತಿಂಗಳು ಎಂದ ಕೂಡಲೇ ಅಜ್ಜಿಯನ್ನು ಪಕ್ಕದ ಕೋಣೆಗೆ, ಅಂದರೆ ಸೆಕೆಂಡರಿಗೆ ಕಳುಹಿಸಬಹುದು. ಅಲ್ಲಿ ಸಾಲಾಗಿ ಕುರ್ಚಿಗಳಿರುತ್ತವೆ, ಮೊಬೈಲ್ ಮುಟ್ಟಬಾರದೆಂಬ ಸೂಚನೆ ಇರುತ್ತದೆ, ಹೆಸರು ಕೂಗುವವರೆಗೆ ಎಷ್ಟು ಹೊತ್ತು ಎಂದು ಯಾರೂ ಹೇಳುವುದಿಲ್ಲ. ಹೊರಗೆ ಮಗಳು ಕಾರು ನಿಲ್ಲಿಸಿಕೊಂಡು ಕಾಯುತ್ತಿರುತ್ತಾಳೆ. ವಕೀಲರನ್ನು ಕರೆಸಿಕೊಳ್ಳುವ ಹಕ್ಕು ಆ ಕೋಣೆಯಲ್ಲಿ ಸಾಮಾನ್ಯವಾಗಿ ಇಲ್ಲ. ಅಪರಾಧ ತನಿಖೆಯ ಗುರಿಯಾಗಿ ವಶಕ್ಕೆ ಪಡೆದವರಿಗೆ ಮಾತ್ರ ಆ ಭಾಗ್ಯ. ಕಳ್ಳಸಾಗಣೆ ಮಾಡಿದ್ದರೆ ವಕೀಲರು ಸಿಗುತ್ತಿದ್ದರು, ಮಂಡಿ ಬದಲಿಸಿಕೊಂಡದ್ದಕ್ಕೆ ಸಿಗುವುದಿಲ್ಲ.

ಆ ಕೋಣೆಯಲ್ಲಿ ಯಾರೂ ತಾವಾಗಿ ಹೇಳದ ಸಂಗತಿ ಏನೆಂದರೆ, ಕಾಯಂ ನಿವಾಸಿಯ ಹಕ್ಕನ್ನು ಕೌಂಟರಿನ ಅಧಿಕಾರಿ ಕಿತ್ತುಕೊಳ್ಳಲಾರ. 180 ದಿನಗಳಿಗಿಂತ ಹೆಚ್ಚು ಕಾಲ ಸತತವಾಗಿ ಹೊರಗಿದ್ದವರನ್ನು ಹೊಸದಾಗಿ ಪ್ರವೇಶ ಕೇಳುವವರಂತೆ ಪ್ರಶ್ನಿಸಲು ಕಾನೂನು ಅವಕಾಶ ಕೊಡುತ್ತದೆಯೇ ಹೊರತು, ಕಾರ್ಡು ತಾನಾಗಿ ರದ್ದಾಯಿತು ಎನ್ನುವುದಿಲ್ಲ. ಒಂದು ವರ್ಷ ದಾಟಿದರೆ ಮಾತು ಬೇರೆ. ಆಗ ಕಾರ್ಡೊಂದೇ ಸಾಲದು, ಹೊರಡುವ ಮುನ್ನ ಅರ್ಜಿ ಹಾಕಿದ ಮರುಪ್ರವೇಶ ಪರವಾನಗಿ ಬೇಕಾಗುತ್ತದೆ. ಅಜ್ಜಿ ಸಹಿ ಹಾಕಲು ಒಪ್ಪದೆ, ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕೆಂದು ಹೇಳಬಹುದು. ಆಗ ಅವರ ಕೈಗೆ ನ್ಯಾಯಾಲಯಕ್ಕೆ ಹಾಜರಾಗುವ ನೋಟಿಸು ಬರುತ್ತದೆ. ಅಧಿಕಾರಿಗಳು ಕಾರ್ಡನ್ನು ಇಟ್ಟುಕೊಂಡರೂ ಆಕೆಯ ಸ್ಥಾನಮಾನಕ್ಕೆ ಬೇರೊಂದು ಪುರಾವೆ ಕೊಡಬೇಕು, ಮತ್ತು ಆಕೆ ಅಮೆರಿಕದ ವಾಸವನ್ನು ತೊರೆದಿದ್ದಾರೆ ಎಂದು ಸಾಬೀತುಪಡಿಸುವ ಹೊಣೆ ಸರ್ಕಾರದ್ದೇ. ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ, ಅಮೆರಿಕದಲ್ಲಿ ಸಲ್ಲಿಸಿದ ತೆರಿಗೆ ವಿವರ, ಬ್ಯಾಂಕ್ ಖಾತೆ, ಹೊರಡುವಾಗಲೇ ತೆಗೆಸಿದ ಹಿಂದಿರುಗುವ ಟಿಕೆಟ್ ಇವೆಲ್ಲ ಆಗ ಮಾತನಾಡುತ್ತವೆ.

ಪ್ರವಾಸಿ ವೀಸಾದಲ್ಲಿ ಮೊಮ್ಮಗುವನ್ನು ನೋಡಲು ಬಂದ ಬೀಗಿತ್ತಿಗೆ ಇಷ್ಟೂ ಇಲ್ಲ. ವೀಸಾ ಎಂಬುದು ಬಾಗಿಲು ತಟ್ಟಲು ಸಿಕ್ಕ ಅನುಮತಿ ಮಾತ್ರ. ಮಗುವನ್ನು ನೋಡಿಕೊಳ್ಳುವುದೇ ಕೆಲಸ ಎಂದು ಆಕೆ ಮುಗ್ಧವಾಗಿ ಹೇಳಿದ್ದನ್ನು ಅಧಿಕಾರಿ ನೌಕರಿ ಎಂದೇ ಬರೆದುಕೊಂಡು, ತ್ವರಿತ ಗಡಿಪಾರಿನ ಆದೇಶ ಹೊರಡಿಸಿದರೆ ನ್ಯಾಯಾಧೀಶರ ಮುಖ ನೋಡದೆಯೇ ಐದು ವರ್ಷ ಪ್ರವೇಶ ನಿಷೇಧವಾಗುತ್ತದೆ. ಅರ್ಜಿಯನ್ನು ಹಿಂತೆಗೆದುಕೊಂಡು ಮರಳುತ್ತೇನೆಂದು ಕೇಳಿಕೊಳ್ಳಬಹುದು, ಒಪ್ಪುವುದು ಬಿಡುವುದು ಆತನ ಮರ್ಜಿ.

ಕೊಂಡಾಡುವ ಉತ್ಸಾಹ ನನಗೆ ಇಲ್ಲಿಗೆ ಬತ್ತಿಹೋಯಿತು. ಇಪ್ಪತ್ತು ಗಂಟೆ ಪ್ರಯಾಣ ಮಾಡಿ, ಸಕ್ಕರೆ ಕಾಯಿಲೆಯ ಮಾತ್ರೆಯ ಹೊತ್ತು ತಪ್ಪಿ, ಪರಭಾಷೆಯಲ್ಲಿ ಬರೆದ ಕಾಗದದ ಮುಂದೆ ಕುಳಿತ ಎಪ್ಪತ್ತರ ಹೆಂಗಸಿನಿಂದ ಪಡೆದ ಸಹಿಯನ್ನು ಸಮ್ಮತಿ ಎಂದು ಕಡತದಲ್ಲಿಡುವುದು ನಾಚಿಕೆಗೇಡು. ದುಭಾಷಿಯನ್ನು ಕೇಳಿ, ಅರ್ಥವಾಗದ್ದಕ್ಕೆ ಸಹಿ ಹಾಕಬೇಡಿ ಎಂದು ಹೆತ್ತವರಿಗೆ ಹೊರಡುವ ಮೊದಲೇ ಮಕ್ಕಳು ಪಾಠ ಹೇಳಿಕೊಡಬೇಕಾಗಿ ಬಂದಿದೆ. ಸಹಿಗೆ ಇಷ್ಟು ಅವಸರವೇಕೆ ಎಂಬುದೂ ಊಹಿಸಲು ಕಷ್ಟವಲ್ಲ. ಅಲ್ಲಿನ ವಲಸೆ ನ್ಯಾಯಾಲಯಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಕೊಳೆಯುತ್ತಿವೆ. ಅಜ್ಜಿ ಬೇಡವೆಂದರೆ ತೀರ್ಪು ಬರುವವರೆಗೂ ಆಕೆ ಕಾಯಂ ನಿವಾಸಿಯೇ.