ಪಾಲಕ್ ಸೊಪ್ಪಿನ ಹೆಸರಿನಲ್ಲಿ ನಡೆಯುತ್ತಿರುವ ಲೆಕ್ಕದ ವಂಚನೆ

ಹಾಲು ಒಗ್ಗದವರಿಗೆಂದು ಯಾರೋ ಸಿದ್ಧಪಡಿಸಿದ ಪಟ್ಟಿಯೊಂದನ್ನು ನನ್ನ ತಂಗಿ ಇಂದು ಬೆಳಿಗ್ಗೆ ಕಳುಹಿಸಿ, 'ಅಕ್ಕಾ, ಇಷ್ಟು ತಿಂದರೆ ಸಾಕಲ್ಲವೇ?' ಎಂದು ಕೇಳಿದಳು. ಎರಡು ಲೋಟ ಬಾದಾಮಿ ಹಾಲು, ಒಂದು ಬಟ್ಟಲು ಬೇಯಿಸಿದ ಪಾಲಕ್, ಒಂದು ಹಿಡಿ ಬಾದಾಮಿ. ಇಷ್ಟರಲ್ಲೇ ಪ್ರೋಟೀನೂ ಕ್ಯಾಲ್ಸಿಯಮ್ಮೂ ಮುಗಿಯಿತಂತೆ! ನನ್ನ ಹೊಟ್ಟೆಗೂ ಹಾಲು ಒಗ್ಗುವುದಿಲ್ಲ; ಹಾಗಿರುವಾಗ ಆ ಪಟ್ಟಿಯನ್ನು ಓದಿದಾಗ ನನಗೆಷ್ಟು ಸಿಟ್ಟು ಬಂದಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಕಡಿಮೆಯಾದಾಗ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ; ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುವುದರಿಂದ ಹೊಟ್ಟೆಯುಬ್ಬರ, ನುಲಿತ, ಭೇದಿ ಉಂಟಾಗುತ್ತವೆ. ಹಾಲನ್ನು ಬಿಟ್ಟರೆ ಈ ಕಾಟ ತಪ್ಪುತ್ತದೆ ನಿಜ. ಆದರೆ ಒಂದು ಲೋಟ, ಅಂದರೆ 250 ಮಿಲಿಲೀಟರ್ ಹಸುವಿನ ಹಾಲಿನೊಂದಿಗೆ ಸುಮಾರು 8 ಗ್ರಾಂ ಪ್ರೋಟೀನ್ ಮತ್ತು 300 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಹೋಗುತ್ತವೆ. ಪಟ್ಟಿ ಬರೆಯುವ ಮಹನೀಯರು ಎಡವುವುದು ಇವುಗಳ ಜಾಗವನ್ನು ತುಂಬುವಲ್ಲಿಯೇ.

ಆಹಾರದಲ್ಲಿರುವ ಕ್ಯಾಲ್ಸಿಯಂ ಬೇರೆ, ಕರುಳು ಹೀರಿಕೊಳ್ಳುವ ಕ್ಯಾಲ್ಸಿಯಂ ಬೇರೆ. ಹಾಲಿನಲ್ಲಿರುವುದರ ಮೂರನೆಯ ಒಂದು ಭಾಗದಷ್ಟು, ಅಂದರೆ ಲೋಟಕ್ಕೆ ನೂರು ಮಿಲಿಗ್ರಾಂನ ಆಸುಪಾಸು, ದೇಹಕ್ಕೆ ದಕ್ಕುತ್ತದೆ. ಒಂದು ಬಟ್ಟಲು ಬೇಯಿಸಿದ ಪಾಲಕ್‌ನಲ್ಲಿ 240 ಮಿಲಿಗ್ರಾಂ ಇದೆಯೆಂದು ಕೋಷ್ಟಕಗಳು ಹೇಳುತ್ತವೆ. ಆದರೆ ಆ ಸೊಪ್ಪಿನ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ದಕ್ಕುವುದು ಶೇಕಡಾ 5ರಷ್ಟು, ಅಂದರೆ ಹನ್ನೆರಡು ಮಿಲಿಗ್ರಾಂ. ಒಂದು ಲೋಟ ಹಾಲಿಗೆ ಸಮನಾಗಲು ಎಂಟು ಬಟ್ಟಲು ಪಾಲಕ್ ತಿನ್ನಬೇಕು. ಪಟ್ಟಿ ಬರೆದವರು ಮೊದಲು ತಿಂದು ತೋರಿಸಲಿ.

ಎಲ್ಲ ಸೊಪ್ಪೂ ಹೀಗಲ್ಲ ಎಂಬುದನ್ನೂ ಹೇಳಬೇಕು. ಕೋಸಿನ ಬಳಗಕ್ಕೆ ಸೇರಿದ ಕೇಲ್ ಮತ್ತು ಬೋಕ್ ಚೋಯ್‌ಗಳಲ್ಲಿ ಆಕ್ಸಲೇಟ್ ಬಹಳ ಕಡಿಮೆ; ಅವುಗಳ ಕ್ಯಾಲ್ಸಿಯಂ ಹಾಲಿನದಕ್ಕಿಂತಲೂ ಚೆನ್ನಾಗಿ ಹೀರಲ್ಪಡುತ್ತದೆ. ಆದರೂ ಎಲ್ಲರ ಬಾಯಲ್ಲೂ ಪಾಲಕ್, ಪಾಲಕ್!

ಬಾದಾಮಿ ಹಾಲಿನ ಕಥೆ ಇನ್ನೂ ಬಡವಾದದ್ದು. ಅದರ ಹೆಚ್ಚಿನ ಪಾಲು ನೀರೇ ಆಗಿರುವುದರಿಂದ ಲೋಟವೊಂದಕ್ಕೆ ಸಿಗುವ ಪ್ರೋಟೀನ್ ಸುಮಾರು ಒಂದು ಗ್ರಾಂ. ಸೋಯಾ ಹಾಲಿನಲ್ಲಿ ಏಳೆಂಟು ಗ್ರಾಂ ಇರುತ್ತದೆ. ಎರಡೂ ಬೆಳ್ಳಗಿವೆ ಎಂಬುದನ್ನು ಬಿಟ್ಟರೆ ಪ್ರೋಟೀನಿನ ವಿಷಯದಲ್ಲಿ ಅವುಗಳಿಗೆ ಹೋಲಿಕೆಯೇ ಇಲ್ಲ.

ತಂಗಿಯ ತೂಕ 60 ಕೆ.ಜಿ. ಕೆ.ಜಿ.ಗೆ 0.8 ಗ್ರಾಂನಂತೆ ಅವಳಿಗೆ ದಿನಕ್ಕೆ ಕನಿಷ್ಠ 48 ಗ್ರಾಂ ಪ್ರೋಟೀನ್ ಬೇಕು. ಕ್ಯಾಲ್ಸಿಯಮ್ಮಿಗೆ 1,000 ಮಿಲಿಗ್ರಾಂ ಗುರಿಯಿಟ್ಟುಕೊಂಡೆವು. ಹೀರುವಿಕೆಯಲ್ಲಿ ಆಗುವ ಸಾಮಾನ್ಯ ನಷ್ಟವನ್ನು ಸೇರಿಸಿಯೇ ಈ ಗುರಿಯನ್ನು ನಿಗದಿಪಡಿಸಿರುತ್ತಾರೆ. ಆ ಪಟ್ಟಿಯಿಂದ ಅವಳಿಗೆ ಸಿಗುತ್ತಿದ್ದ ಪ್ರೋಟೀನ್ ಹದಿಮೂರು ಗ್ರಾಂನಷ್ಟು. ಅದರ ಬದಲು ಕ್ಯಾಲ್ಸಿಯಂ ಬೆರೆಸಿದ ಸೋಯಾ ಹಾಲು ಎರಡು ಲೋಟವಾದರೆ ಪ್ರೋಟೀನ್ 15 ಗ್ರಾಂ, ಕ್ಯಾಲ್ಸಿಯಂ 600 ಮಿಲಿಗ್ರಾಂ. ಕ್ಯಾಲ್ಸಿಯಂ ಸಲ್ಫೇಟಿನಿಂದ ಗಟ್ಟಿಯಾಗಿಸಿದ ತೋಫು 120 ಗ್ರಾಂನಷ್ಟು ತಿಂದರೆ ಸುಮಾರು 10 ಗ್ರಾಂ ಮತ್ತು 250 ಮಿಲಿಗ್ರಾಂ. ಒಂದು ಬಟ್ಟಲು ಬೇಯಿಸಿದ ಬೋಕ್ ಚೋಯ್‌ನಿಂದ 150 ಮಿಲಿಗ್ರಾಂ. ಕ್ಯಾಲ್ಸಿಯಂ ಇಲ್ಲಿಗೆ ತುಂಬಿತು. ಒಂದು ಬಟ್ಟಲು ಬೇಯಿಸಿದ ಬೇಳೆಯ 18 ಗ್ರಾಂ ಮತ್ತು ದಿನದ ಧಾನ್ಯದಿಂದ ಬರುವುದು ಸೇರಿದರೆ ಪ್ರೋಟೀನೂ ದಾಟುತ್ತದೆ. (ತೋಫುವಿನ ರುಚಿ ನನಗೆ ಇಂದಿಗೂ ಹಿಡಿಸಿಲ್ಲ. ಹಿಡಿಸಿದಂತೆ ನಟಿಸುವ ತಾಳ್ಮೆಯೂ ಉಳಿದಿಲ್ಲ. ಆದರೂ ತಿನ್ನುತ್ತೇನೆ.)

ಇಲ್ಲಿಯೂ ಪೊಟ್ಟಣದ ಹಿಂಬದಿಯನ್ನು ಓದದೆ ಗತಿಯಿಲ್ಲ. ಸೋಯಾ ಹಾಲಿನಲ್ಲಿ ತಾನಾಗಿ ಇರುವ ಕ್ಯಾಲ್ಸಿಯಂ ಅಲ್ಪ. ಬೆರೆಸಿದ್ದಾರೆಯೇ ಎಂಬುದನ್ನು ಪದಾರ್ಥಗಳ ಸಾಲಿನಲ್ಲಿಯೇ ನೋಡಬೇಕು. ಬೆರೆಸಿದ ಕ್ಯಾಲ್ಸಿಯಂ ಪೊಟ್ಟಣದ ತಳಕ್ಕೆ ಇಳಿದು ಕೂರುವುದರಿಂದ ಪ್ರತಿ ಸಲ ಚೆನ್ನಾಗಿ ಕುಲುಕದೆ ಸುರಿದುಕೊಂಡರೆ ಮುಖ್ಯವಾದದ್ದೇ ತಳದಲ್ಲಿ ಉಳಿಯುತ್ತದೆ. ಮೆಗ್ನೀಸಿಯಂ ಕ್ಲೋರೈಡಿನಿಂದ ಗಟ್ಟಿಯಾಗಿಸಿದ ತೋಫುವಿನಲ್ಲಿ ಪ್ರೋಟೀನ್ ಇದ್ದರೂ ಕ್ಯಾಲ್ಸಿಯಂ ಬಹಳ ಕಡಿಮೆ ಇರುತ್ತದೆ. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ.

'ಇಷ್ಟೆಲ್ಲ ಗೋಳೇಕೆ, ಒಂದು ಮಾತ್ರೆ ನುಂಗಿದರಾಯಿತಲ್ಲ' ಎನ್ನುವವರು ಈಗಾಗಲೇ ಬೆರಳು ಮಸೆಯುತ್ತಿರಬಹುದು. ಊಟದಲ್ಲಿ ನಿಜಕ್ಕೂ ಕೊರತೆ ಬೀಳುವವರಿಗೆ, ವೈದ್ಯರು ಹೇಳಿದವರಿಗೆ, ಮಾತ್ರೆ ಸರಿಯೇ. ಆದರೆ ಪ್ರೋಟೀನ್ ಅದರಿಂದ ಒಂದು ಗ್ರಾಂ ಕೂಡ ಬರುವುದಿಲ್ಲ. ಒಂದೇ ಸಲಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ನುಂಗಿದರೆ ಹೀರಲ್ಪಡುವ ಪಾಲು ಕುಗ್ಗುತ್ತದೆ, ಕಾರ್ಬೊನೇಟ್ ರೂಪದ್ದಾದರೆ ಊಟದ ಜೊತೆಗೇ ತೆಗೆದುಕೊಳ್ಳಬೇಕು, ಮೇಲಾಗಿ ಅದು ಹಲವರಿಗೆ ಮಲಬದ್ಧತೆಯನ್ನೂ ಹೊಟ್ಟೆಯುಬ್ಬರವನ್ನೂ ತರುತ್ತದೆ. ಉಬ್ಬರ ತಪ್ಪಿಸಿಕೊಳ್ಳಲೆಂದು ಹಾಲು ಬಿಟ್ಟವರಿಗೆ ಕೊಡುವ ಸಲಹೆಯೇ ಇದು!