ತೆರಿಗೆ ಹಾಕಿದರೂ ಬೆಲೆ ಏರುವುದಿಲ್ಲವಂತೆ!

ಯಾವುದೋ ಒಂದು ವಸ್ತುವಿನ ಮೇಲೆ ತೆರಿಗೆ ಬಿದ್ದ ದಿನ ಟಿವಿ ಚರ್ಚೆಯಲ್ಲಿ ಒಬ್ಬ ತಜ್ಞರು ತಪ್ಪದೆ ಪ್ರತ್ಯಕ್ಷರಾಗುತ್ತಾರೆ. ಅವರ ವಾದ ಕೇಳಲು ಬಲು ಇಂಪು. ತೆರಿಗೆ ಹಾಕಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಬೇಡಿಕೆ ಕುಸಿಯುತ್ತದೆ, ಬೇಡಿಕೆ ಕುಸಿದರೆ ಬೆಲೆ ಇಳಿಯುತ್ತದೆ. ಹೀಗಾಗಿ ಬೆಲೆ ಏರುವುದೇ ಇಲ್ಲ! ನಿರೂಪಕರು ತಲೆದೂಗುತ್ತಾರೆ. ಹಿಂದಿನ ಪರದೆಯ ಮೇಲೆ ಎರಡು ಬಣ್ಣದ ಗೆರೆಗಳು ಹೊಳೆಯುತ್ತಿರುತ್ತವೆ. ಅವುಗಳ ಅಕ್ಷಗಳಿಗೆ ಹೆಸರೇ ಇರುವುದಿಲ್ಲ. ಇದ್ದಿದ್ದರೆ ಚರ್ಚೆ ಬೇಗ ಮುಗಿದುಹೋಗುತ್ತಿತ್ತು.

ಅರ್ಥಶಾಸ್ತ್ರದ ಪಾಠದಲ್ಲಿ ಬರುವಂಥ ಒಂದು ಪುಟ್ಟ ಕೋಷ್ಟಕವನ್ನು ಈ ಮಹನೀಯರ ಮುಂದೆ ಇಡೋಣ. ತೆರಿಗೆ ಪ್ರತಿ ಘಟಕಕ್ಕೆ 10, ಅದನ್ನು ಸರ್ಕಾರಕ್ಕೆ ಕಟ್ಟುವವನು ಮಾರಾಟಗಾರ.

| ಬೆಲೆ | ಬೇಡಿಕೆಯ ಪ್ರಮಾಣ | ಪೂರೈಕೆ (ಮೊದಲು) | ಪೂರೈಕೆ (ತೆರಿಗೆಯ ನಂತರ) |
|---|---|---|---|
| 25 | 70 | 50 | 30 |
| 30 | 60 | 60 | 40 |
| 35 | 50 | 70 | 50 |
| 40 | 40 | 80 | 60 |

ತೆರಿಗೆಗೆ ಮೊದಲು ಬೇಡಿಕೆಯೂ ಪೂರೈಕೆಯೂ ಬೆಲೆ 30ರಲ್ಲಿ ಸಂಧಿಸುತ್ತವೆ, 60 ಘಟಕ ಮಾರಾಟವಾಗುತ್ತದೆ. ತೆರಿಗೆಯ ನಂತರ ಬದಲಾದದ್ದು ಪೂರೈಕೆ ಮಾತ್ರ, ಅದು ಕೊನೆಯ ಕಾಲಮ್ಮಿನಲ್ಲಿದೆ; ಈಗ ಎರಡೂ ಸಂಧಿಸುವುದು ಬೆಲೆ 35ರಲ್ಲಿ, 50 ಘಟಕಕ್ಕೆ. ಬೇಡಿಕೆಯ ಕಾಲಮ್ಮಿನ ಒಂದು ಅಂಕಿಯೂ ಅಲುಗಿಲ್ಲ. ಕೊಳ್ಳುವವರು ಅದೇ ಕಾಲಮ್ಮಿನಲ್ಲಿ 60ರಿಂದ 50ಕ್ಕೆ, ಅಂದರೆ ಒಂದು ಸಾಲಿನಿಂದ ಮುಂದಿನ ಸಾಲಿಗೆ ಸರಿದಿದ್ದಾರೆ. ಚಿತ್ರದಲ್ಲಿ ಇದು ಬೇಡಿಕೆ ರೇಖೆಯ ಮೇಲಿನ ಚಲನೆ. ತಜ್ಞರು ಇದನ್ನೇ ರೇಖೆಯ ಪಲ್ಲಟವೆಂದು ಬಗೆದು, ಕದಲದೆ ಕುಳಿತ ರೇಖೆಯನ್ನು ಎಡಕ್ಕೆ ತಳ್ಳಿ, ಬೆಲೆಯನ್ನು ಮತ್ತೆ 30ಕ್ಕೆ ಇಳಿಸಿದರು. ಆ 30ರ ಸಾಲನ್ನು ಅವರು ಓದಿ ನೋಡಲಿ: ಕೇಳುವವರು 60, ಕೊಡುವವರು 40. ಉಳಿದ 20 ಘಟಕಗಳನ್ನು ಬಹುಶಃ ಟಿವಿಯವರೇ ತಯಾರಿಸಿ ಹಂಚುತ್ತಾರೆ.

ಬೇಡಿಕೆಯ ರೇಖೆ ನಿಜವಾಗಿಯೂ ಜಾಗ ಬದಲಿಸಬೇಕಾದರೆ ಬೆಲೆಯನ್ನು ಬಿಟ್ಟು ಬೇರೇನಾದರೂ ಬದಲಾಗಬೇಕು. ಜನರ ಆದಾಯ, ಅಭಿರುಚಿ, ಬದಲಿ ವಸ್ತುವಿನ ಬೆಲೆ, ಇಂಥದ್ದು. ಆಗ ಎರಡನೆಯ ಕಾಲಮ್ಮನ್ನೇ ಹೊಸದಾಗಿ ಬರೆಯಬೇಕಾಗುತ್ತದೆ. ಕೋಷ್ಟಕದ ಮೊದಲ ಕಾಲಂ ಬೆಲೆಯದ್ದೇ ಆಗಿರುವಾಗ, ಬೆಲೆ ಬದಲಾಯಿತೆಂದು ಕೋಷ್ಟಕವನ್ನೇ ತಿದ್ದುವುದು ಗಡಿಯಾರದ ಮುಳ್ಳು ಮುಂದೆ ಹೋಯಿತೆಂದು ಅಂಕಿಗಳನ್ನು ಅಳಿಸಿ ಬರೆದಂತೆ.

ಇನ್ನೊಬ್ಬ ವಕ್ತಾರರಂತೂ ಪರದೆಯನ್ನೇ ನೋಡಿ ಹಿಗ್ಗಿದರು: “ನೋಡಿ, ತೆರಿಗೆಯ ನಂತರ ಪೂರೈಕೆಯ ರೇಖೆ ಮೇಲೇರಿದೆ. ಪೂರೈಕೆ ಹೆಚ್ಚಿದೆ!” ಪಾಪ, ಅವರದ್ದಷ್ಟೇ ತಪ್ಪಲ್ಲ. ಗಣಿತದ ತರಗತಿಯಲ್ಲಿ ಕಾರಣವನ್ನು ಅಡ್ಡ ಅಕ್ಷದಲ್ಲೂ ಫಲವನ್ನು ಲಂಬ ಅಕ್ಷದಲ್ಲೂ ಇಡುವುದನ್ನು ಕಲಿಸುತ್ತಾರೆ. ಅರ್ಥಶಾಸ್ತ್ರದಲ್ಲಿ ಬೆಲೆ ಲಂಬ ಅಕ್ಷವೇರಿ ಕುಳಿತಿದೆ, ಪ್ರಮಾಣ ಅಡ್ಡ ಮಲಗಿದೆ. 1890ರಲ್ಲಿ ಆಲ್ಫ್ರೆಡ್ ಮಾರ್ಷಲ್ ತಮ್ಮ ಗ್ರಂಥದಲ್ಲಿ ಹಾಗೆ ಬರೆದರು, ಲೋಕವೆಲ್ಲ ಅದನ್ನೇ ಹಿಡಿದುಕೊಂಡಿತು. ಆದ್ದರಿಂದ ಇಲ್ಲಿ ಎತ್ತರ ಹೇಳುವುದು ಬೆಲೆಯನ್ನು. ಮೊದಲು 30ಕ್ಕೆ 60 ಘಟಕ ಕೊಡುತ್ತಿದ್ದವರು ಈಗ ಅಷ್ಟೇ ಕೊಡಲು 40 ಕೇಳುತ್ತಾರೆ; ರೇಖೆ ಸರಿಯಾಗಿ ತೆರಿಗೆಯಷ್ಟೇ, 10ರಷ್ಟು ಮೇಲೇರಿದೆ. ಅದೇ ಚಿತ್ರವನ್ನು ಅಡ್ಡಡ್ಡಲಾಗಿ ಓದಿದರೆ ಬೆಲೆ 30ಕ್ಕೆ ಪೂರೈಕೆ 60ರಿಂದ 40ಕ್ಕೆ, ಎಡಕ್ಕೆ ಸರಿದಿದೆ. ಮೇಲೇರಿದ ಪೂರೈಕೆ ರೇಖೆ ಎಂದರೆ ಇಳಿದ ಪೂರೈಕೆ. ವಕ್ತಾರರು ಅಭಿನಂದಿಸಿದ್ದು ಇಳಿಕೆಯನ್ನು.

ವಿರೋಧ ಪಕ್ಷದವರು ಕಡಿಮೆಯೇನಲ್ಲ. ಬೆಲೆ 30ರಿಂದ 35ಕ್ಕೆ ಏರಿದ್ದನ್ನು ತೋರಿಸಲು ಅವರು ಕಂಬಚಿತ್ರ ತಂದರು, ಅದರ ಅಕ್ಷ 29ರಿಂದ ಶುರುವಾಗಿತ್ತು. ಎರಡನೆಯ ಕಂಬ ಮೊದಲನೆಯದರ ಆರು ಪಟ್ಟು ಎತ್ತರ! ಆಡಳಿತ ಪಕ್ಷ ಸೊನ್ನೆಯಿಂದ 1000ದವರೆಗಿನ ಅಕ್ಷ ತಂದಿತು, ಎರಡೂ ಕಂಬಗಳು ನೆಲಕ್ಕೆ ಅಂಟಿಕೊಂಡವು. ಅಂಕಿ ಎರಡರಲ್ಲೂ ಒಂದೇ.

ತೆರಿಗೆಯನ್ನು ಯಾರು ಹೊತ್ತರು ಎಂಬುದನ್ನು ಮಾತ್ರ ಯಾರೂ ಓದಲಿಲ್ಲ. ಕೊಳ್ಳುವವರು 35 ಕೊಡುತ್ತಾರೆ, ಅಂದರೆ 5 ಹೆಚ್ಚು. ಮಾರುವವರ ಕೈಗೆ 25 ಉಳಿಯುತ್ತದೆ, ಅಂದರೆ 5 ಕಡಿಮೆ. ಇಲ್ಲಿ ಎರಡೂ ರೇಖೆಗಳ ಇಳಿಜಾರು ಸಮನಾಗಿರುವುದರಿಂದ ಹೊರೆ ಸಮಪಾಲಾಗಿದೆ. ಬೇಡಿಕೆಯ ರೇಖೆ ಇನ್ನಷ್ಟು ಕಡಿದಾಗಿದ್ದರೆ, ಅಂದರೆ ಆ ವಸ್ತುವಿಲ್ಲದೆ ಜನರಿಗೆ ನಡೆಯದಿದ್ದರೆ, ಹೆಚ್ಚಿನ ಪಾಲು ಕೊಳ್ಳುವವರ ತಲೆಗೇ ಬರುತ್ತಿತ್ತು.

ಇಷ್ಟರಲ್ಲಿ ವರಮಾನದ ಲೆಕ್ಕ ಬಂತು. 60ನ್ನು 10ರಿಂದ ಗುಣಿಸಿ 600 ಬರುತ್ತದೆಂದು ಅಂದಾಜಿಸಿದ್ದರು. ಮಾರಾಟವಾದದ್ದು 50, ಬಂದದ್ದು 500. ತಜ್ಞರು ಧೃತಿಗೆಡಲಿಲ್ಲ. ತೆರಿಗೆಯನ್ನು 12ಕ್ಕೆ ಏರಿಸಿ, 50ನ್ನು 12ರಿಂದ ಗುಣಿಸಿ, ಸರಿಯಾಗಿ 600 ಎಂದು ಪರದೆಯ ಮೇಲೆ ತೋರಿಸಿದರು. 12ರ ತೆರಿಗೆಗೆ ಮಾರಾಟ 48ಕ್ಕೆ ಇಳಿದು ಬರುವುದು 576. ಆ ಕೊರತೆಗೂ ಅವರ ಬಳಿ ಒಂದು ಗುಣಾಕಾರ ಸಿದ್ಧವಿದೆಯಂತೆ.